ಮೂವತ್ತು ಸೆಕೆಂಡಿನ ಮುಖಪರಿಚಯ

ಅನುವಾದದ ಲೋಕದಲ್ಲಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಕಳ್ಳತನ ನಡೆಯುತ್ತದೆ. ಕದಿಯುವುದು ಹಣವನ್ನಲ್ಲ, ಬಯೋಡೇಟಾವನ್ನು. ಸ್ವತಂತ್ರವಾಗಿ ಕೆಲಸ ಮಾಡುವ ಅನುವಾದಕರು ತಮ್ಮ ಓದು, ಅನುಭವ, ಬಲ್ಲ ಭಾಷೆಗಳ ವಿವರವನ್ನೆಲ್ಲ ಅಂತರ್ಜಾಲದಲ್ಲಿ ಇಟ್ಟಿರುತ್ತಾರೆ. ಯಾರೋ ಅದನ್ನು ಇಳಿಸಿಕೊಂಡು, ಹೆಸರನ್ನು ಹಾಗೇ ಬಿಟ್ಟು, ಇಮೇಲ್ ವಿಳಾಸ ಮಾತ್ರ ತಮ್ಮದು ಹಾಕಿಕೊಂಡು ಅನುವಾದ ಏಜೆನ್ಸಿಗಳಿಗೆ ಕಳಿಸುತ್ತಾರೆ. ಕೆಲಸ ಸಿಕ್ಕರೆ ಹೇಗೋ ಒಂದು ಗೀಚಿ ಒಪ್ಪಿಸಿ, ದುಡ್ಡು ತೆಗೆದುಕೊಂಡು ಮಾಯವಾಗುತ್ತಾರೆ. ಕೆಟ್ಟ ಹೆಸರು ಮಾತ್ರ ಅಸಲಿ ವ್ಯಕ್ತಿಯ ಪಾಲಿಗೆ. ಈ ಕಾಟ ಎಷ್ಟು ಹಳೆಯದೆಂದರೆ, ಇಂಥ ಕಳ್ಳ ವಿಳಾಸಗಳ ಪಟ್ಟಿಯನ್ನೇ ಅನುವಾದಕರು ಮಾಡಿಟ್ಟುಕೊಂಡಿದ್ದಾರೆ.

ಇದರ ಬಿಸಿ ಹೊಸದಾಗಿ ಕೆಲಸ ಹುಡುಕುವ ಪ್ರಾಮಾಣಿಕರಿಗೂ ತಟ್ಟುತ್ತದೆ. ಏಜೆನ್ಸಿಗಳಲ್ಲಿ ಅನುವಾದಕರನ್ನು ಹುಡುಕಿ ಸೇರಿಸಿಕೊಳ್ಳುವವರನ್ನು ವೆಂಡರ್ ಮ್ಯಾನೇಜರ್ ಎನ್ನುತ್ತಾರೆ. ಪುಣೆಯಲ್ಲೋ ಲಂಡನ್ನಿನಲ್ಲೋ ಕೂತ ಆ ಮನುಷ್ಯನಿಗೆ ಕನ್ನಡ ಬರುವುದಿಲ್ಲ. ಎದುರಿಗಿರುವ ಹತ್ತಾರು ಪ್ರೊಫೈಲುಗಳಲ್ಲಿ ಯಾವುದು ನಿಜ, ಯಾವುದು ನಕಲು ಎಂದು ಅವನು ತಿಳಿಯುವುದಾದರೂ ಹೇಗೆ? ಅಲ್ಲಿ ಕೆಲಸಕ್ಕೆ ಬರುವುದು ಪ್ರೊಫೈಲಿನ ನೆತ್ತಿಯ ಮೇಲಿಟ್ಟ ಒಂದು ಸಣ್ಣ ವಿಡಿಯೊ: ಅನುವಾದಕರು ಕ್ಯಾಮೆರಾ ನೋಡಿ ಮೂವತ್ತು ಸೆಕೆಂಡು ಮಾತಾಡಿರುವುದು. ಲಿಂಕ್ಡ್‌ಇನ್ ತಾಣದಲ್ಲಿ ಇದಕ್ಕೊಂದು ಜಾಗವಿದೆ. `Featured` ಎಂಬ ಆ ವಿಭಾಗದಲ್ಲಿ ನಿಮಗೆ ಬೇಕಾದ ನಾಲ್ಕಾರು ವಸ್ತುಗಳನ್ನು ಆರಿಸಿ, ಪ್ರೊಫೈಲು ತೆರೆದವರ ಕಣ್ಣಿಗೆ ಬೇಗ ಬೀಳುವಂತೆ ಜೋಡಿಸಿಡಬಹುದು.

ಈ ವಿಡಿಯೊ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀವು ಒಳ್ಳೆಯ ಅನುವಾದಕರು ಎಂದು ಇದು ಸಾಬೀತು ಮಾಡುವುದಿಲ್ಲ. ನಿರರ್ಗಳವಾಗಿ ಮಾತಾಡುವವರು ಕೆಟ್ಟದಾಗಿ ಅನುವಾದಿಸಬಹುದು. ಮಾತಿಗೆ ತಡವರಿಸುವವರ ಕೈಯಲ್ಲಿ ಚಿನ್ನದಂಥ ಕನ್ನಡ ಇರಬಹುದು. ಅದನ್ನು ತಿಳಿಯಲು ಏಜೆನ್ಸಿಗಳು ಹೇಗೂ ಇನ್ನೂರು ಮುನ್ನೂರು ಪದಗಳ ಒಂದು ಪರೀಕ್ಷೆ ಕೊಡುತ್ತವೆ. ವಿಡಿಯೊ ಹೇಳುವುದು ಇಷ್ಟೇ: ಈ ಹೆಸರಿನ ಹಿಂದೆ ಒಬ್ಬ ಮನುಷ್ಯರಿದ್ದಾರೆ, ಅವರ ಮುಖ ಇದು, ದನಿ ಇದು, ಅವರು ಮಾಡುವ ಕೆಲಸ ಇಂಥದ್ದು. ನಾಳೆ ಕರೆ ಮಾಡಿ ಮಾತಾಡಿದಾಗ ಅದೇ ಮುಖ, ಅದೇ ದನಿ ಎದುರಾದರೆ ಮ್ಯಾನೇಜರಿಗೆ ನೆಮ್ಮದಿ. ಬಯೋಡೇಟಾ ಕದ್ದವನು ವಿಡಿಯೊವನ್ನೂ ಇಳಿಸಿಕೊಳ್ಳಬಹುದು. ಆದರೆ ಕರೆಯಲ್ಲಿ ಆ ಮುಖ ಹೊತ್ತು ಬಂದು ಕೂರುವುದು ಅಷ್ಟು ಸುಲಭವಲ್ಲ.

ವಿಡಿಯೊದ ಗುರಿ ನಂಬಿಕೆ ಹುಟ್ಟಿಸುವುದು ಎಂದಾದ ಮೇಲೆ ಅದರಲ್ಲಿ ಏನು ಹೇಳಬೇಕು ಎಂಬುದೂ ಅಲ್ಲಿಂದಲೇ ಹೊರಡುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ. ಭಾಷೆಗಳೆಂದರೆ ನನಗೆ ಬಾಲ್ಯದಿಂದಲೂ ಪ್ರೀತಿ, ಸಂಸ್ಕೃತಿಗಳ ನಡುವೆ ಸೇತುವೆ ಕಟ್ಟುವುದು ನನ್ನ ಕನಸು, ಗುಣಮಟ್ಟದಲ್ಲಿ ರಾಜಿಯಿಲ್ಲ, ಸಮಯಕ್ಕೆ ಸರಿಯಾಗಿ ಒಪ್ಪಿಸುತ್ತೇನೆ. ಈ ಸಾಲುಗಳನ್ನು ಯಾರು ಬೇಕಾದರೂ ಹೇಳಬಹುದು. ಬಯೋಡೇಟಾ ಕಳ್ಳನೂ ಇದನ್ನೇ ಹೇಳುತ್ತಾನೆ. ಪರಿಶೀಲಿಸಲು ಬರದ ಮಾತಿನಿಂದ ನಂಬಿಕೆ ಹುಟ್ಟುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಶಿವಮೊಗ್ಗದಲ್ಲಿದ್ದುಕೊಂಡು ಇಂಗ್ಲಿಷಿನಿಂದ ಕನ್ನಡಕ್ಕೆ ವೈದ್ಯಕೀಯ ದಾಖಲೆಗಳನ್ನು ಅನುವಾದಿಸುವ ಒಬ್ಬ ಹೆಣ್ಣುಮಗಳು ಎಂದುಕೊಳ್ಳಿ. ಓದಿದ್ದು ಬಿ.ಎಸ್ಸಿ. ನರ್ಸಿಂಗ್, 2017ರಿಂದ ಅನುವಾದವೇ ಪೂರ್ಣಾವಧಿ ಕೆಲಸ. ಅದರಲ್ಲಿ ಮುಖ್ಯವಾದದ್ದು ಔಷಧ ಪ್ರಯೋಗಗಳ ಒಪ್ಪಿಗೆ ಪತ್ರ. ಹೊಸ ಔಷಧವನ್ನು ಮನುಷ್ಯರ ಮೇಲೆ ಪ್ರಯೋಗಿಸಿ ನೋಡುವಾಗ, ಅದಕ್ಕೆ ಸೇರುವ ರೋಗಿಗೆ ಎಲ್ಲ ವಿವರವನ್ನೂ ತಿಳಿಸಿ ಸಹಿ ಪಡೆಯಬೇಕು. ರೋಗಿಗೆ ಅರ್ಥವಾಗುವ, ತಾಂತ್ರಿಕ ಗೊಂದಲವಿಲ್ಲದ ಭಾಷೆಯಲ್ಲಿ ಅದು ಇರಬೇಕೆಂದು ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳೇ ಹೇಳುತ್ತವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಆಸ್ಪತ್ರೆಗಳಲ್ಲಿ ಪ್ರಯೋಗ ನಡೆದರೆ ಆ ಪತ್ರ ಕನ್ನಡದಲ್ಲೂ ಬೇಕು. ಹೀಗಾಗಿ ಎಲ್ಲೋ ದೂರದ ದೇಶದ ಔಷಧ ಕಂಪನಿಯ ಕೆಲಸ ಏಜೆನ್ಸಿಯ ಮೂಲಕ ಶಿವಮೊಗ್ಗದ ಮನೆಗೆ ಬರುತ್ತದೆ.

ಈ ಮಹಿಳೆಯ ಪ್ರೊಫೈಲು ತೆರೆದ ಮ್ಯಾನೇಜರಿಗೆ ಬೇಕಾದ ಸಂಗತಿಗಳು ತೀರ ಕಡಿಮೆ. ಯಾವ ಭಾಷೆಯಿಂದ ಯಾವ ಭಾಷೆಗೆ, ಇದು ಮೊದಲನೆಯದು. ಕನ್ನಡ ಮತ್ತು ಇಂಗ್ಲಿಷ್ ಎಂದಷ್ಟೇ ಹೇಳಿದರೆ ಸಾಲದು. ಅನುವಾದಕರು ಸಾಮಾನ್ಯವಾಗಿ ತಾಯಿನುಡಿಯ ಕಡೆಗೆ ಅನುವಾದಿಸುವುದರಿಂದ ದಿಕ್ಕು ಸ್ಪಷ್ಟವಾಗಬೇಕು. ಎರಡನೆಯದು, ಯಾವ ಬಗೆಯ ದಾಖಲೆ. ವೈದ್ಯಕೀಯ ಎಂದರೆ ಸಮುದ್ರ. ಆಸ್ಪತ್ರೆಯ ಜಾಹೀರಾತು ಬರೆಯುವುದು ಬೇರೆ, ರೋಗಿ ತುಂಬುವ ಪ್ರಶ್ನಾವಳಿಯನ್ನು ಅನುವಾದಿಸುವುದು ಬೇರೆ. ಮೂರನೆಯದು ಅರ್ಹತೆ. ಇದಕ್ಕೆ ಒಂದು ಖಚಿತ ಕಾರಣವಿದೆ. ಅನುವಾದ ಸೇವೆಗೆ ಐಎಸ್ಒ 17100 ಎಂಬ, 2015ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡವಿದೆ. ಅದನ್ನು ಪಾಲಿಸುವ ಏಜೆನ್ಸಿ ತನ್ನ ಅನುವಾದಕರ ಬಗ್ಗೆ ಮೂರರಲ್ಲಿ ಒಂದನ್ನು ತೋರಿಸಬೇಕು: ಅನುವಾದಕ್ಕೇ ಸಂಬಂಧಿಸಿದ ಪದವಿ, ಇಲ್ಲವೇ ಬೇರೆ ಯಾವುದಾದರೂ ಪದವಿಯ ಜೊತೆಗೆ ಎರಡು ವರ್ಷದ ಪೂರ್ಣಾವಧಿ ಅನುವಾದದ ಅನುಭವ, ಅದೂ ಇಲ್ಲದಿದ್ದರೆ ಐದು ವರ್ಷದ ಅನುಭವ. ನಮ್ಮ ಉದಾಹರಣೆಯ ಮಹಿಳೆ ನರ್ಸಿಂಗ್ ಪದವಿ, 2017 ಎಂದು ಎರಡು ಮಾತು ಹೇಳಿದರೆ ಸಾಕು, ಮ್ಯಾನೇಜರ್ ಮನಸ್ಸಿನಲ್ಲೇ ಆ ಎರಡನೆಯ ಚೌಕಕ್ಕೆ ಟಿಕ್ ಹಾಕಿಕೊಳ್ಳುತ್ತಾನೆ.

ಎಷ್ಟು ವರ್ಷದ ಅನುಭವ ಎಂದು ಹೇಳದೆ ಯಾವ ಇಸವಿಯಿಂದ ಎಂದು ಹೇಳಿರುವುದನ್ನೂ ಗಮನಿಸಿ. 'ಎಂಟು ವರ್ಷದ ಅನುಭವ' ಎಂದು ಹೇಳಿಟ್ಟರೆ ವಿಡಿಯೊ ಮುಂದಿನ ವರ್ಷವೇ ಹಳಸುತ್ತದೆ. ಇಸವಿ ಹಳಸುವುದಿಲ್ಲ. ಇದೇ ಕಾರಣಕ್ಕೆ ದರವನ್ನೂ ವಿಡಿಯೊದಲ್ಲಿ ಹೇಳಬಾರದು. ಪದಕ್ಕೆ ಇಷ್ಟು ಎಂಬ ಲೆಕ್ಕ ಗಿರಾಕಿಯಿಂದ ಗಿರಾಕಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಒಮ್ಮೆ ನಿಮ್ಮ ಬಾಯಿಂದ ಹೊರಟ ಅಂಕಿ ಅಲ್ಲೇ ಉಳಿದು, ಆಮೇಲೆ ಚೌಕಾಸಿಗೆ ಇಳಿದಾಗ ನಿಮ್ಮ ವಿರುದ್ಧವೇ ನಿಲ್ಲುತ್ತದೆ.

ಈಗ ಸಮಯದ ಲೆಕ್ಕ. ಇಂಗ್ಲಿಷನ್ನು ನೆಮ್ಮದಿಯಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 140 ಪದ. ಮೂವತ್ತು ಸೆಕೆಂಡಿಗೆ 70. ಕಾಗದದ ಮೇಲೆ ಇದು ಆರೇಳು ಸಾಲು ಅಷ್ಟೆ. ಮೊದಲ ಸಲ ಬರೆದವರ ಮಾತು ಸಾಮಾನ್ಯವಾಗಿ ಇದರ ಎರಡರಷ್ಟಿರುತ್ತದೆ. ಆಗ ಎಲ್ಲರೂ ಮಾಡುವ ತಪ್ಪು ಒಂದೇ: ಮಾತು ಕಡಿಮೆ ಮಾಡುವ ಬದಲು ವೇಗ ಹೆಚ್ಚಿಸುವುದು. ನಮ್ಮ ಕಡೆಯ ಇಂಗ್ಲಿಷ್ ಕೇಳಿ ರೂಢಿಯಿಲ್ಲದವರಿಗೆ ತೊಂದರೆ ಕೊಡುವುದು ನಮ್ಮ ಉಚ್ಚಾರಣೆಗಿಂತ ಹೆಚ್ಚಾಗಿ ನಮ್ಮ ಓಟ. ಉಚ್ಚಾರಣೆಯನ್ನು ಬಲವಂತವಾಗಿ ತಿರುಚಿಕೊಂಡು ಪರದೇಶದವರ ಹಾಗೆ ಮಾತಾಡಬೇಕಿಲ್ಲ. ಹಾಗೆ ಮಾಡಿದರೆ ನಾಳೆ ಕರೆಯಲ್ಲಿ ಬೇರೆಯೇ ದನಿ ಕೇಳಿಸಿ ವಿಡಿಯೊದ ಉದ್ದೇಶವೇ ಹಾಳಾಗುತ್ತದೆ. ಹೆಸರು ಹೇಳಿದ ಮೇಲೆ, ಇಸವಿ ಹೇಳಿದ ಮೇಲೆ, ಊರು ಹೇಳಿದ ಮೇಲೆ ಅರೆಗಳಿಗೆ ನಿಲ್ಲಿ. ಅಷ್ಟು ಸಾಕು.

ಯಾವ ಭಾಷೆಯಲ್ಲಿ ಮಾತಾಡಬೇಕು? ಕೆಲಸ ಕೊಡುವವನಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಮುಖ್ಯ ಭಾಗ ಇಂಗ್ಲಿಷಿನಲ್ಲೇ ಇರಬೇಕು. ಆದರೆ ಮಾರಾಟಕ್ಕಿಟ್ಟಿರುವುದು ಕನ್ನಡ. ಅದರ ಒಂದು ಹನಿಯನ್ನೂ ತೋರಿಸದೆ ಕನ್ನಡದ ಅನುವಾದಕರು ವಿಡಿಯೊ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಕೆಲವರು ಕೊನೆಯಲ್ಲಿ ಕನ್ನಡದಲ್ಲಿ ನಮಸ್ಕಾರ, ಧನ್ಯವಾದ ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ತಮ್ಮ ಕೆಲಸದ ಒಂದು ನಿಜವಾದ ವಾಕ್ಯವನ್ನೇ ಹೇಳಬಹುದು. ಔಷಧ ಪ್ರಯೋಗದ ಒಪ್ಪಿಗೆ ಪತ್ರಗಳಲ್ಲೆಲ್ಲ ತಪ್ಪದೆ ಬರುವ ಒಂದು ಭರವಸೆ ಇದೆ. ಅದನ್ನು ಕಚೇರಿ ಕನ್ನಡದಲ್ಲಿ ಹೀಗೆ ಬರೆಯುವವರಿದ್ದಾರೆ: 'ಅಧ್ಯಯನದಿಂದ ತಮ್ಮ ಹಿಂತೆಗೆದುಕೊಳ್ಳುವಿಕೆಯು ತಮ್ಮ ವೈದ್ಯಕೀಯ ಆರೈಕೆಯ ಮೇಲೆ ಯಾವುದೇ ಪ್ರತಿಕೂಲ ಪರಿಣಾಮವನ್ನು ಬೀರತಕ್ಕದ್ದಲ್ಲ.' ನಮ್ಮ ಶಿವಮೊಗ್ಗದ ಅನುವಾದಕಿ ಹೇಳುವುದು ಹೀಗೆ: 'ನೀವು ಯಾವಾಗ ಬೇಕಾದರೂ ಈ ಅಧ್ಯಯನದಿಂದ ಹೊರಬರಬಹುದು. ಅದರಿಂದ ನಿಮ್ಮ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲ.' ಇದನ್ನು ಬಾಯಿಬಿಟ್ಟು ಹೇಳಲು ಸುಮಾರು ಏಳು ಸೆಕೆಂಡು ಬೇಕು. ಕನ್ನಡ ತಿಳಿಯದ ಮ್ಯಾನೇಜರ್ ವಿಡಿಯೊವನ್ನು ತನ್ನ ಕನ್ನಡ ಪರಿಶೀಲಕರಿಗೆ ಕಳಿಸಿದರೆ, ಅವರು ಆ ಏಳು ಸೆಕೆಂಡು ಕೇಳಿಯೇ ಈ ಕೈ ಎಂಥದ್ದು ಎಂದು ಅಂದಾಜು ಮಾಡಬಲ್ಲರು. ಎಲ್ಲ ಪತ್ರಗಳಲ್ಲೂ ಇರುವ ಸಾಮಾನ್ಯ ಮಾತಾದ್ದರಿಂದ ಯಾವ ಕಂಪನಿಯ ಗುಟ್ಟೂ ಬಯಲಾಗುವುದಿಲ್ಲ.

ಗುಟ್ಟಿನ ಮಾತು ಸುಮ್ಮನೆ ಹೇಳಿದ್ದಲ್ಲ. ಈ ಕ್ಷೇತ್ರದಲ್ಲಿ ಕೆಲಸ ಶುರುವಾಗುವ ಮುನ್ನವೇ ಗೋಪ್ಯತಾ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಂಪನಿಯ ಹೆಸರು, ಔಷಧದ ಹೆಸರು, ಪ್ರಯೋಗದ ಸಂಖ್ಯೆ ಯಾವುದನ್ನೂ ಹೇಳುವಂತಿಲ್ಲ. ದೊಡ್ಡ ಕಂಪನಿಯೊಂದರ ಹೆಸರು ಹೇಳಿದರೆ ತೂಕ ಬರುತ್ತದೆ ಎಂದು ಆಸೆಯಾಗುವುದು ಸಹಜ. ಆದರೆ ನೋಡುವ ಮ್ಯಾನೇಜರ್ ಮೆಚ್ಚುವ ಬದಲು 'ನಾಳೆ ನಮ್ಮ ಗಿರಾಕಿಯ ಹೆಸರನ್ನೂ ಹೀಗೇ ಹೇಳುತ್ತಾರೆ' ಎಂದುಕೊಂಡು ಮುಂದಿನ ಪ್ರೊಫೈಲಿಗೆ ಹೋಗುತ್ತಾನೆ. ಬಾಯಿ ಕಟ್ಟಿಕೊಂಡವರೂ ಮರೆಯುವ ಇನ್ನೊಂದು ಜಾಗ ಬೆನ್ನ ಹಿಂದಿದೆ. ಮೇಜಿನ ಮೇಲೆ ಕಂಪ್ಯೂಟರ್ ಉರಿಯುತ್ತಿರುತ್ತದೆ, ಅದರ ಪರದೆಯ ಮೇಲೆ ಅರ್ಧ ಮಾಡಿದ ಕೆಲಸ, ಫೈಲಿನ ಹೆಸರಿನಲ್ಲೇ ಪ್ರಯೋಗದ ಸಂಖ್ಯೆ. ವಿಡಿಯೊ ನಿಲ್ಲಿಸಿ ದೊಡ್ಡದು ಮಾಡಿ ನೋಡಿದರೆ ಓದಲು ಬರುತ್ತದೆ. ಚಿತ್ರೀಕರಣಕ್ಕೆ ಮುಂಚೆ ಕಂಪ್ಯೂಟರ್ ಆರಿಸುವುದು, ಮೇಜಿನ ಕಾಗದ ಎತ್ತಿಡುವುದು ಇದೇ ಕಾರಣಕ್ಕೆ.

ಇಷ್ಟನ್ನೆಲ್ಲ ಇಟ್ಟುಕೊಂಡು ಮಾತನ್ನು ಜೋಡಿಸಿದರೆ ಹೀಗಾಗುತ್ತದೆ. ಆಕೆ ಇಂಗ್ಲಿಷಿನಲ್ಲಿ ಹೇಳುವುದರ ಸಾರವನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಮೊದಲ ಆರು ಸೆಕೆಂಡು: 'ನಾನು ಇಂಥವಳು. ಕರ್ನಾಟಕದ ಶಿವಮೊಗ್ಗದಿಂದ. ಇಂಗ್ಲಿಷಿನಿಂದ ಕನ್ನಡಕ್ಕೆ, ವೈದ್ಯಕೀಯ ದಾಖಲೆಗಳನ್ನು ಮಾತ್ರ ಅನುವಾದಿಸುತ್ತೇನೆ.' ಅಲ್ಲಿಂದ ಹದಿನಾಲ್ಕನೆಯ ಸೆಕೆಂಡಿನವರೆಗೆ: 'ಔಷಧ ಪ್ರಯೋಗಕ್ಕೆ ಸೇರುವ ರೋಗಿಗಳು ಓದುವ ಒಪ್ಪಿಗೆ ಪತ್ರ, ಅವರು ತುಂಬುವ ದಿನಚರಿ, ಪ್ರಶ್ನಾವಳಿ ಇವೇ ನನ್ನ ಕೆಲಸ. ಶಾಲೆ ಅರ್ಧಕ್ಕೆ ಬಿಟ್ಟವರಿಗೂ ಅರ್ಥವಾಗುವಂತೆ ಬರೆಯುತ್ತೇನೆ, ಹೀಗೆ.' ಆಮೇಲೆ ಏಳು ಸೆಕೆಂಡು ಆ ಕನ್ನಡ ವಾಕ್ಯ. ಉಳಿದ ಒಂಬತ್ತು ಸೆಕೆಂಡಿನಲ್ಲಿ: 'ನರ್ಸಿಂಗ್ ಪದವಿ ಇದೆ, 2017ರಿಂದ ಪೂರ್ಣಾವಧಿ ಅನುವಾದಕಿ. ಹಿಂದನುವಾದದ ಪ್ರಶ್ನೆಗಳಿಗೆ ಸಾಲುಸಾಲಾಗಿ ಉತ್ತರ ಕೊಡುತ್ತೇನೆ. ಪಕ್ಕದಲ್ಲೇ ಮಾದರಿ ಅನುವಾದವಿದೆ, ನೋಡಿ ಸಂದೇಶ ಕಳಿಸಿ.' ಇಂಗ್ಲಿಷಿನ ಪಾಲು ಇಪ್ಪತ್ತಮೂರು ಸೆಕೆಂಡು, ಐವತ್ತು ಚಿಲ್ಲರೆ ಪದ.

ಹಿಂದನುವಾದ ಎಂಬುದೊಂದು ಮಾತು ಇಲ್ಲಿ ಬಂತು. ಒಪ್ಪಿಗೆ ಪತ್ರ ಕನ್ನಡಕ್ಕೆ ಬಂದ ಮೇಲೆ, ಮೂಲವನ್ನು ನೋಡದ ಬೇರೆ ಅನುವಾದಕರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಕಂಡಲ್ಲೆಲ್ಲ ಮೊದಲಿನ ಅನುವಾದಕರನ್ನು ಪ್ರಶ್ನಿಸುತ್ತಾರೆ. ಈ ಪ್ರಶ್ನೋತ್ತರ ಬೇಸರದ ಕೆಲಸ. ಇದಕ್ಕೆ ಸರಿಯಾಗಿ ಉತ್ತರ ಬರೆಯದೆ ಸತಾಯಿಸುವ ಅನುವಾದಕರಿಂದ ಮ್ಯಾನೇಜರುಗಳು ಬೇಸತ್ತಿರುತ್ತಾರೆ. ಆದ್ದರಿಂದಲೇ ಆ ಒಂದು ವಾಕ್ಯ 'ಗುಣಮಟ್ಟದಲ್ಲಿ ರಾಜಿಯಿಲ್ಲ' ಎಂಬಂಥ ಹತ್ತು ವಾಕ್ಯಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹೊಲದಲ್ಲಿ ದುಡಿದವನನ್ನು ಅಂಗೈ ನೋಡಿ ಗುರುತಿಸುವ ಹಾಗೆ, ಇಂಥ ಒಳಗಿನ ಮಾತಿನಿಂದ ಕೆಲಸ ಮಾಡಿದವರು ಗುರುತಿಗೆ ಸಿಗುತ್ತಾರೆ. ಕಾನೂನಿನ ಅನುವಾದಕರಿಗೆ, ಆಟಗಳ ಅನುವಾದಕರಿಗೆ, ಸಾಹಿತ್ಯದ ಅನುವಾದಕರಿಗೆ ಅವರವರದೇ ಇಂಥ ಒಂದು ವಾಕ್ಯ ಇರುತ್ತದೆ. ಅದನ್ನು ಹುಡುಕುವುದೇ ಈ ವಿಡಿಯೊದ ನಿಜವಾದ ಬರವಣಿಗೆ.

ಎರಡು ಥರದ ಗಿರಾಕಿಗಳನ್ನು ಒಂದೇ ವಿಡಿಯೊದಲ್ಲಿ ಹಿಡಿಯಲು ಹೋಗಬೇಡಿ. ಬೆಂಗಳೂರಿನ ಪ್ರಕಾಶಕರಿಗೆ ಕಾದಂಬರಿ ಅನುವಾದಿಸಿಕೊಡುವ ಆಸೆಯೂ ಈ ಮಹಿಳೆಗೆ ಇದ್ದರೆ ಅದಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು. ಒಂದೇ ಉಸಿರಿನಲ್ಲಿ ಒಪ್ಪಿಗೆ ಪತ್ರವನ್ನೂ ಕಾದಂಬರಿಯನ್ನೂ ಹೇಳಿದರೆ ಇಬ್ಬರಿಗೂ ಅನುಮಾನ ಬರುತ್ತದೆ.

ಚಿತ್ರೀಕರಣಕ್ಕೆ ಇರುವ ಫೋನೇ ಸಾಕು. ಚಿತ್ರಕ್ಕಿಂತ ದನಿ ಮುಖ್ಯ ಎಂಬುದನ್ನು ಮಾತ್ರ ಮರೆಯಬಾರದು. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ಸಹಿಸುತ್ತಾರೆ. ದನಿ ಗುಂಯ್‌ಗುಟ್ಟಿದರೆ ಐದನೆಯ ಸೆಕೆಂಡಿಗೆ ಮುಚ್ಚುತ್ತಾರೆ. ನಮ್ಮ ಮನೆಗಳಲ್ಲಿ ಎರಡು ಶತ್ರುಗಳಿವೆ: ತಲೆಯ ಮೇಲಿನ ಫ್ಯಾನು ಮತ್ತು ಬರಿಗೋಡೆ. ಫ್ಯಾನಿನ ಸದ್ದು ಅಲ್ಲಿರುವವರಿಗೆ ರೂಢಿಯಾಗಿ ಕೇಳಿಸದೆ ಹೋಗುತ್ತದೆ, ಮೈಕಿಗೆ ಮಾತ್ರ ಕೇಳಿಸುತ್ತದೆ. ಖಾಲಿ ಕೋಣೆಯ ಗೋಡೆ, ನೆಲದ ಟೈಲ್ಸು ದನಿಯನ್ನು ತಿರುಗಿ ಎಸೆದು ಬಚ್ಚಲಲ್ಲಿ ಮಾತಾಡಿದಂತೆ ಮಾಡುತ್ತವೆ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಮಲಗುವ ಕೋಣೆ ಇದಕ್ಕೆ ಒಳ್ಳೆಯದು. ಅಂಗಿಗೆ ಸಿಕ್ಕಿಸುವ ತಂತಿಯ ಕಾಲರ್ ಮೈಕು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೆರಗು, ದುಪಟ್ಟ, ಸರ ಅದಕ್ಕೆ ಉಜ್ಜದಂತೆ ನೋಡಿಕೊಳ್ಳಿ. ಒಂದು ಸಲ ಮಾತಾಡಿ, ಇಯರ್‌ಫೋನ್ ಹಾಕಿಕೊಂಡು ಕೇಳಿ ನೋಡಿದರೆ ಯಾವ ದೋಷ ಇದ್ದರೂ ತಿಳಿಯುತ್ತದೆ.

ಬೆಳಕಿಗೆ ಕಿಟಕಿಗಿಂತ ಒಳ್ಳೆಯದಿಲ್ಲ, ನೀವು ಅದಕ್ಕೆ ಮುಖ ಮಾಡಿ ಕೂತಿದ್ದರೆ. ಬೆನ್ನು ಮಾಡಿ ಕೂತರೆ ಮುಖ ಕಪ್ಪಾಗುತ್ತದೆ. ಟ್ಯೂಬ್‌ಲೈಟ್ ಹಾಕಿದರೆ ಕೆಲವೊಮ್ಮೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಓಡಾಡುವುದು ಕಾಣುತ್ತದೆ. ಇದು ಫೋನಿನ ದೋಷವಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಎರಡೂ ಹೊಂದದೆ ಆ ಪಟ್ಟಿ ಹುಟ್ಟುತ್ತದೆ. ಫೋನಿನಲ್ಲಿ 25 ಚಿತ್ರಗಳ ಆಯ್ಕೆ ಇದ್ದರೆ ಅದನ್ನು ಆರಿಸಿ ನೋಡಬಹುದು; ಇಲ್ಲದಿದ್ದರೆ ದೀಪ ಆರಿಸಿ ಬೆಳಗಿನ ಹೊತ್ತಿನಲ್ಲಿ ಚಿತ್ರೀಕರಿಸುವುದೇ ಸುಲಭ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಪುಸ್ತಕಗಳ ರಾಶಿಯ ಮೇಲೆ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ.

ಕಣ್ಣು ಇರಬೇಕಾದದ್ದು ಫೋನಿನ ಪರದೆಯಲ್ಲಿ ಕಾಣುವ ನಿಮ್ಮ ಮುಖದ ಮೇಲಲ್ಲ, ಕ್ಯಾಮೆರಾದ ಗಾಜಿನ ಮೇಲೆ. ಬರೆದದ್ದನ್ನು ಎದುರಿಗಿಟ್ಟು ಓದಿದರೆ ಕಣ್ಣು ಎಡದಿಂದ ಬಲಕ್ಕೆ ಓಡುವುದು ಎಲ್ಲರಿಗೂ ಕಾಣುತ್ತದೆ. ಐವತ್ತು ಪದ ಬಾಯಿಪಾಠ ಮಾಡಲು ಕಷ್ಟವಿಲ್ಲ. ಕತ್ತರಿಸಿ ಜೋಡಿಸಿದ ವಿಡಿಯೊಗಿಂತ ಒಂದೇ ಓಟದ ವಿಡಿಯೊ ಈ ಕೆಲಸಕ್ಕೆ ಮೇಲು ಎಂಬುದು ನನ್ನ ಅಭಿಪ್ರಾಯ. ನಡುವೆ ಒಂದು ತೊದಲು ಉಳಿದರೂ ಪರವಾಗಿಲ್ಲ, ಅದು ನಿಜವಾದ ಮನುಷ್ಯರ ಗುರುತು. ಹಿನ್ನೆಲೆ ಸಂಗೀತವಂತೂ ಬೇಡವೇ ಬೇಡ.

ಇನ್ನು ಅಡಿಬರಹ. ಲಿಂಕ್ಡ್‌ಇನ್ನಿನಲ್ಲಿ ಪೋಸ್ಟುಗಳ ಸಾಲಿನಲ್ಲಿ ಬರುವ ವಿಡಿಯೊ ಶಬ್ದವಿಲ್ಲದೆಯೇ ಓಡಲು ಶುರುವಾಗುತ್ತದೆ. ಕಚೇರಿಯಲ್ಲಿ ಕೂತವರು ಎಷ್ಟೋ ಸಲ ಹಾಗೇ ನೋಡಿ ಮುಗಿಸುತ್ತಾರೆ. ಆದ್ದರಿಂದ ಮಾತು ಅಕ್ಷರದಲ್ಲೂ ಕಾಣಬೇಕು. ಇದಕ್ಕೆ ಎರಡು ದಾರಿ. ವಿಡಿಯೊ ಹಾಕುವಾಗ ಕಂಪ್ಯೂಟರಿನಿಂದ ಎಸ್‌ಆರ್‌ಟಿ ಎಂಬ ಬಗೆಯ ಸಣ್ಣ ಪಠ್ಯ ಫೈಲನ್ನು ಜೊತೆಗೆ ಸೇರಿಸುವುದು ಒಂದು. ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಿಬಿಡುವುದು ಇನ್ನೊಂದು. ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಕ್ರಮಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು. ನಮ್ಮ ಉದಾಹರಣೆಯ ಕನ್ನಡ ವಾಕ್ಯದ ಮೊದಲರ್ಧ, ಅದರ ಕೆಳಗೆ ಇಂಗ್ಲಿಷಿನ ಅರ್ಥದೊಂದಿಗೆ, ಹೀಗಿರುತ್ತದೆ:

```
5
00:00:14,000 --> 00:00:17,800
ನೀವು ಯಾವಾಗ ಬೇಕಾದರೂ ಈ ಅಧ್ಯಯನದಿಂದ ಹೊರಬರಬಹುದು.
You may leave this study at any time.
```

ಸೆಕೆಂಡು ಮತ್ತು ಅದರ ಭಾಗದ ನಡುವೆ ಇರುವುದು ಚುಕ್ಕೆಯಲ್ಲ, ಅಲ್ಪವಿರಾಮ. ಅಲ್ಲಿ ಚುಕ್ಕೆ ಇಟ್ಟರೆ ಫೈಲು ತಿರಸ್ಕಾರವಾಗಬಹುದು. ಉಳಿಸುವಾಗ `UTF-8` ಎಂದು ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದು ಕೂರಬಹುದು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ, ಎಂದರೆ ಯೂನಿಕೋಡ್ ಅಲ್ಲದ ರೀತಿಯಲ್ಲಿ ಟೈಪು ಮಾಡಿದ್ದನ್ನು ತಂದು ಅಂಟಿಸಿದರಂತೂ ಕನ್ನಡವೇ ಇರುವುದಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ.

ಚಿತ್ರದ ಮೇಲೇ ಅಕ್ಷರ ಅಚ್ಚೊತ್ತುವವರಿಗೆ ಬೇರೊಂದು ಅಪಾಯವಿದೆ, ಮತ್ತು ಕನ್ನಡದ ಅನುವಾದಕರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ವಿಡಿಯೊ ಜೋಡಿಸುವ ಕೆಲವು ತಂತ್ರಾಂಶಗಳಿಗೆ ಒತ್ತಕ್ಷರ ಕಟ್ಟುವುದು ತಿಳಿಯುವುದಿಲ್ಲ. 'ಚಿಕಿತ್ಸೆ' ಎಂದು ಟೈಪು ಮಾಡಿದರೆ ತ ಮತ್ತು ಸ ಬೇರೆ ಬೇರೆಯಾಗಿ, ನಡುವೆ ಅರ್ಧಾಕ್ಷರದ ಚಿಹ್ನೆ ಎದ್ದು ನಿಲ್ಲುತ್ತದೆ. ಅಡೋಬಿಯ ಪ್ರೀಮಿಯರ್ ಬಳಸುವವರು ಅದರ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಆರಿಸಿಕೊಂಡಿರಬೇಕು, ಇಲ್ಲದಿದ್ದರೆ ಅಲ್ಲೂ ಅಕ್ಷರ ಒಡೆಯುತ್ತದೆ. ಫೋನಿನ ಆ್ಯಪು ಅಕ್ಷರ ಒಡೆದರೆ, ಸರಿಯಾಗಿ ಕಾಣುವ ಬೇರೆ ಕಡೆ ಆ ಸಾಲನ್ನು ಬರೆದು, ಚಿತ್ರವಾಗಿ ಉಳಿಸಿ, ವಿಡಿಯೊದ ಮೇಲೆ ಕೂರಿಸುವುದು ಸುರಕ್ಷಿತ ಉಪಾಯ. ಮುಗಿದ ವಿಡಿಯೊವನ್ನು ಒಮ್ಮೆ ಒತ್ತಕ್ಷರಗಳನ್ನಷ್ಟೇ ನೋಡುತ್ತ ಓಡಿಸಿ. ಕನ್ನಡ ಬಲ್ಲ ಪರಿಶೀಲಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಪ್ರೊಫೈಲಿನಲ್ಲಿ ಕೂರಿಸುವ ಕ್ರಮ ಸರಳ. ಮೊದಲು ವಿಡಿಯೊವನ್ನು ಮಾಮೂಲಿ ಪೋಸ್ಟಾಗಿ ಹಾಕಿ. ಆಮೇಲೆ ಪ್ರೊಫೈಲಿನಲ್ಲಿ `Add profile section` ಒತ್ತಿ `Featured` ವಿಭಾಗವನ್ನು ತೆರೆದು ಆ ಪೋಸ್ಟನ್ನು ಆರಿಸಿ. ಯೂಟ್ಯೂಬಿನಲ್ಲಿಟ್ಟು ಅದರ ಲಿಂಕು ಕೊಡುವುದೂ ಆಗುತ್ತದೆ; ಅಲ್ಲಿ `Unlisted` ಎಂದಿದ್ದರೆ ಲಿಂಕು ಸಿಕ್ಕವರೆಲ್ಲ ನೋಡಬಹುದು, `Private` ಎಂದಿದ್ದರೆ ಲಿಂಕು ಸಿಕ್ಕಮಾತ್ರಕ್ಕೆ ಯಾರಿಗೂ ತೆರೆಯುವುದಿಲ್ಲ. ಪ್ರೊಫೈಲಿನಲ್ಲಿ ಮೊದಲು ಕಾಣುವುದು ವಿಡಿಯೊದ ಒಂದು ಸ್ಥಿರಚಿತ್ರ. ಅದು ಬಾಯಿ ಅರೆತೆರೆದ, ಕಣ್ಣು ಮುಚ್ಚಿದ ಗಳಿಗೆಯದ್ದಾಗದಂತೆ ನೋಡಿಕೊಳ್ಳಿ. ಬೇಕಾದ ಚಿತ್ರವನ್ನು ನೀವೇ ಕೊಡಲು ಅವಕಾಶವಿದೆ. ವಿಡಿಯೊದ ಪಕ್ಕದಲ್ಲಿ ಎರಡನೆಯ ವಸ್ತುವಾಗಿ ಒಂದು ಪುಟದ ಮಾದರಿ ಅನುವಾದದ ಪಿಡಿಎಫ್ ಇರಬೇಕು. ವಿಡಿಯೊದ ಕೊನೆಯ ಮಾತು ಕೈ ತೋರಿಸುವುದು ಅದರ ಕಡೆಗೇ. ಗಿರಾಕಿಯ ದಾಖಲೆಯನ್ನು ಮಾದರಿಯಾಗಿ ಹಾಕುವಂತಿಲ್ಲವಾದ್ದರಿಂದ, ಆರೋಗ್ಯದ ಕುರಿತು ನೀವೇ ಬರೆದ ಒಂದು ಸಣ್ಣ ಇಂಗ್ಲಿಷ್ ಬರಹವನ್ನು ನೀವೇ ಅನುವಾದಿಸಿ ಇಡಬಹುದು.

ಹೆಂಗಸರ ಒಂದು ಹಿಂಜರಿಕೆಯ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಮುಖ ತೋರಿಸಿದರೆ ಬೇಡದ ಸಂದೇಶಗಳು ಬರುತ್ತವೆ ಎಂಬ ಭಯ ಸುಳ್ಳಲ್ಲ. ಮನೆಯ ಹೊರನೋಟ, ಕಿಟಕಿಯಾಚೆಯ ಅಂಗಡಿಯ ಬೋರ್ಡು, ಮಕ್ಕಳ ಫೋಟೊ ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳುವುದು, ಫೋನ್ ಸಂಖ್ಯೆ ಹೇಳದಿರುವುದು ಅಗತ್ಯ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಮುಖವಿಲ್ಲದೆಯೇ, ಮಾದರಿ ಪುಟದ ಚಿತ್ರದ ಮೇಲೆ ದನಿಯನ್ನಷ್ಟೇ ಇಡಿ. ನಂಬಿಕೆಯ ಲೆಕ್ಕದಲ್ಲಿ ಅದು ಮುಖ ತೋರಿಸಿದ್ದಕ್ಕಿಂತ ಕಡಿಮೆ, ಏನೂ ಇಲ್ಲದ್ದಕ್ಕಿಂತ ಬಹಳ ಹೆಚ್ಚು. ವರ್ಷಗಳಿಂದ ಅದೇ ನಾಲ್ಕು ಏಜೆನ್ಸಿಗಳ ಕೆಲಸದಲ್ಲಿ ಕೈತುಂಬಿಕೊಂಡಿರುವವರಿಗೆ ಈ ವಿಡಿಯೊದ ಅಗತ್ಯವೇ ಇಲ್ಲ. ಅವರ ನಂಬಿಕೆಯ ಖಾತೆ ಆಗಲೇ ತುಂಬಿದೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ನಿಮ್ಮ ಖಾತೆಯಿಂದ ನಿಮ್ಮ ಪ್ರೊಫೈಲು ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಲಿಂಕ್ಡ್‌ಇನ್ನಿನಲ್ಲಿ ನಿಮ್ಮ ಸಂಪರ್ಕದಲ್ಲಿಲ್ಲದ ಯಾರಾದರೊಬ್ಬರ ಫೋನಿನಲ್ಲಿ ತೆರೆಸಿ ನೋಡಿ. ಪೋಸ್ಟು ಹಾಕುವಾಗ ಯಾರು ನೋಡಬಹುದು ಎಂಬಲ್ಲಿ `Anyone` ಬದಲು `Connections only` ಆರಿಸಿದ್ದರೆ, ನಿಮ್ಮನ್ನು ಬಲ್ಲವರಿಗೆ ಮಾತ್ರ ವಿಡಿಯೊ ಕಾಣುತ್ತದೆ. ಯಾರಿಗಾಗಿ ಮಾಡಿದಿರೋ ಆ ಅಪರಿಚಿತ ಮ್ಯಾನೇಜರಿಗೆ ಕಾಣುವುದಿಲ್ಲ. ಅವರ ಫೋನಿನಲ್ಲೇ ಶಬ್ದ ಆರಿಸಿ ಒಮ್ಮೆ ಓಡಿಸಿ, ನೀವು ಯಾವ ಭಾಷೆಯಿಂದ ಯಾವ ಭಾಷೆಗೆ ಏನನ್ನು ಅನುವಾದಿಸುತ್ತೀರಿ ಎಂದು ಅವರನ್ನೇ ಕೇಳಿ. ಹೇಳಲು ಬಾರದಿದ್ದರೆ ಮಾತನ್ನು ತಿದ್ದಿ ಮತ್ತೆ ಚಿತ್ರೀಕರಿಸಬೇಕು. ಒಮ್ಮೆ ಹಾಕಿದ ಪೋಸ್ಟಿನ ಬರಹವನ್ನು ತಿದ್ದಬಹುದು, ಅದರೊಳಗಿನ ವಿಡಿಯೊವನ್ನು ಬದಲಿಸಲು ಬರುವುದಿಲ್ಲ. ಹೊಸ ಪೋಸ್ಟು ಹಾಕಿ, ಅದನ್ನು ವಿಭಾಗಕ್ಕೆ ಸೇರಿಸಿದ ಮೇಲೆ ಹಳೆಯದನ್ನು ತೆಗೆಯಿರಿ.